ಉಡುಪಿ ಸಹಾಯವಾಣಿ: ಫೋನಿನಲ್ಲಿ ಹೇಳುವ ಉತ್ತರಗಳು

ಕರೆ ಮಾಡುವವರ ಕಣ್ಣ ಮುಂದೆ ನಾವು ಇರುವುದಿಲ್ಲ. ಅವರಿಗೆ ಇರುವುದು ಕಿವಿಯೊಂದೇ. ಆದ್ದರಿಂದ ಈ ಉತ್ತರಗಳಲ್ಲಿ ಒಂದು ಮಾತಿಗೆ ಒಂದೇ ವಿಷಯ ಇದೆ. ಇದ್ದ ಹಾಗೆಯೇ, ನಿಧಾನವಾಗಿ ಹೇಳಿ.

ಕರೆ ತೆಗೆದಾಗ

“ನಮಸ್ಕಾರ. ಬ್ಯಾಂಕಿನ ಸಹಾಯವಾಣಿ. ಉಡುಪಿಯಿಂದ ಸುಜಾತಾ ಮಾತನಾಡುತ್ತಿದ್ದೇನೆ. ಹೇಳಿ, ಏನಾಗಬೇಕಿತ್ತು?”

“ತುಳುವಿನಲ್ಲಿ ಹೇಳುವುದು ಸುಲಭವಾದರೆ ತುಳುವಿನಲ್ಲೇ ಹೇಳಿ ಅಮ್ಮ. ನನಗೆ ಅರ್ಥವಾಗುತ್ತದೆ. ಕೊಂಕಣಿಯಾದರೆ ಒಂದು ನಿಮಿಷ ತಾಳಿ, ಪಕ್ಕದವರಿಗೆ ಕೊಡುತ್ತೇನೆ.”

“ಮಾತನಾಡುತ್ತಿರುವುದು ನೀವೇ ಎಂದು ತಿಳಿಯಲು ಎರಡು ಪ್ರಶ್ನೆ ಕೇಳುತ್ತೇನೆ. ಮೊದಲು ನಿಮ್ಮ ಹುಟ್ಟಿದ ದಿನಾಂಕ ಹೇಳಿ. ... ಸರಿ. ಈಗ ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕೆ ಹೇಳಿ. ಪಾಸ್‌ಬುಕ್ ತರಲು ಹೋಗಬೇಕೇ? ಹೋಗಿ ಬನ್ನಿ, ನಾನು ಕಾಯುತ್ತೇನೆ.”

“ಒಂದು ಮಾತು. ಪಿನ್ ಅಥವಾ ಒಟಿಪಿಯನ್ನು ನಾನು ಕೇಳುವುದಿಲ್ಲ. ನೀವೂ ಯಾರಿಗೂ ಹೇಳಬೇಡಿ.”

ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದಿಗೆ ಆ ಕಡೆಯವರಿಗೆ ಏನೂ ಕೇಳಿಸುವುದಿಲ್ಲ. ಆಗ ಸ್ವರ ಏರಿಸಿದರೆ ಗದರಿದ ಹಾಗಾಗುತ್ತದೆ. ಅದರ ಬದಲು ಹೀಗೆ ಹೇಳಿ: “ಮಳೆಯ ಸದ್ದು ಜೋರಾಗಿದೆ ಅಮ್ಮ. ಒಳಗಿನ ಕೋಣೆಗೆ ಹೋಗಿ ಮಾತನಾಡುತ್ತೀರಾ? ನಾನು ಫೋನ್ ಇಡುವುದಿಲ್ಲ.”

ಹಣ ಮೋಸದಿಂದ ಹೋದಾಗ

ಕಾಪುವಿನ ಹಿರಿಯರೊಬ್ಬರ ಕರೆ. ಕರೆಂಟು ಬಿಲ್ ಕಟ್ಟಿಲ್ಲ, ರಾತ್ರಿಗೆ ಸಂಪರ್ಕ ಕಡಿಯುತ್ತೇವೆ ಎಂದು ಯಾರೋ ಹೆದರಿಸಿದ್ದಾರೆ. ಅವರು ಕಳಿಸಿದ ಆ್ಯಪ್ ಅನ್ನು ಇವರು ಹಾಕಿಕೊಂಡಿದ್ದಾರೆ. ಖಾತೆಯಿಂದ 48,000 ರೂಪಾಯಿ ಹೋಗಿದೆ.

“ನೀವು ಕೂಡಲೇ ಫೋನ್ ಮಾಡಿದ್ದು ಒಳ್ಳೆಯದಾಯಿತು. ಮೊದಲು ನಿಮ್ಮ ಖಾತೆಯಿಂದ ಇನ್ನು ಹಣ ಹೋಗದಂತೆ ತಡೆಯುತ್ತೇನೆ. ಅರ್ಧ ನಿಮಿಷ ಲೈನಿನಲ್ಲಿ ಇರಿ.”

“ತಡೆದಿದ್ದೇನೆ. ಕಾರ್ಡು, ಯುಪಿಐ, ಮೊಬೈಲ್ ಬ್ಯಾಂಕಿಂಗ್, ಮೂರೂ ನಿಂತಿವೆ. ಖಾತೆಯಲ್ಲಿ ಉಳಿದ ಹಣ ಅಲ್ಲೇ ಇದೆ.”

“ಈಗ ನಿಮ್ಮ ಮೊಬೈಲಿನ ಇಂಟರ್ನೆಟ್ ಆರಿಸಿ. ಮನೆಯ ವೈಫೈ ಇದ್ದರೆ ಅದನ್ನೂ ಆರಿಸಿ. ಆಯಿತೇ? ... ಅವರು ಹಾಕಿಸಿದ ಆ್ಯಪ್ ಅನ್ನು ತೆಗೆದುಹಾಕಬೇಕು. ಅದು ಗೊತ್ತಾಗದಿದ್ದರೆ ಚಿಂತೆಯಿಲ್ಲ, ಮನೆಯಲ್ಲಿ ತಿಳಿದವರು ಬರುವವರೆಗೆ ಇಂಟರ್ನೆಟ್ ಹಾಕಬೇಡಿ.”

“ಮುಂದಿನ ಕೆಲಸ ಪೊಲೀಸರ ಸೈಬರ್ ಸಹಾಯವಾಣಿಗೆ ದೂರು ಕೊಡುವುದು. ಸಂಖ್ಯೆ ಬರೆದುಕೊಳ್ಳಿ. ಪೆನ್ನು ಸಿಕ್ಕಿತೇ? ... ಒಂದು. ಒಂಬತ್ತು. ಮೂರು. ಸೊನ್ನೆ. ಇನ್ನೊಮ್ಮೆ ಹೇಳುತ್ತೇನೆ. ಒಂದು, ಒಂಬತ್ತು, ಮೂರು, ಸೊನ್ನೆ. ನಾಲ್ಕೇ ಅಂಕೆ.”

“ನನ್ನ ಜೊತೆ ಮಾತು ಮುಗಿದ ಕೂಡಲೇ ಅಲ್ಲಿಗೆ ಮಾಡಿ, ನಾಳೆಗೆ ಇಡಬೇಡಿ. ಬೇಗ ಹೇಳಿದರೆ ಹಣ ಇನ್ನೊಬ್ಬರ ಕೈ ಸೇರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.”

“ನಿಮ್ಮ ದೂರನ್ನು ನಾನೂ ಇಲ್ಲಿ ದಾಖಲಿಸಿದ್ದೇನೆ. ಇಂದು 14ನೇ ತಾರೀಕು, ಸಮಯ ಹತ್ತು ಗಂಟೆ ಇಪ್ಪತ್ತು ನಿಮಿಷ. ದೂರಿನ ಸಂಖ್ಯೆ ನಿಮ್ಮ ಮೊಬೈಲಿಗೆ ಸಂದೇಶವಾಗಿ ಬಂದಿದೆ. ಆ ಸಂದೇಶ ಅಳಿಸಬೇಡಿ.”

ಹಣ ಪೂರ್ತಿ ವಾಪಸು ಬರುತ್ತದೆಯೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಬರುತ್ತದೆ ಎಂದು ಬಾಯಿಮಾತಿಗೂ ಹೇಳಕೂಡದು. ಆ ಕ್ಷಣಕ್ಕೆ ಸಮಾಧಾನ ಕೊಟ್ಟ ಸುಳ್ಳು ಹತ್ತು ದಿನದ ಮೇಲೆ ಅವರನ್ನು ಇನ್ನೊಮ್ಮೆ ಅಳಿಸುತ್ತದೆ.

“ಅದನ್ನು ಈಗಲೇ ಹೇಳಲು ನನಗೆ ಆಗುವುದಿಲ್ಲ ಸರ್. ತನಿಖೆ ಆಗಬೇಕು. ನೀವು ದೂರು ಕೊಟ್ಟ ಮೇಲೆ ಖಾತೆಯಿಂದ ಮೋಸದಿಂದ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಅದಕ್ಕಿಂತ ಮೊದಲು ಹೋದದ್ದು ಹೇಗೆ ಹೋಯಿತು ಎಂಬುದನ್ನು ನೋಡಿ ತೀರ್ಮಾನಿಸುತ್ತಾರೆ. ದೂರು ಕೊಟ್ಟ ದಿನದಿಂದ 90 ದಿನಗಳ ಒಳಗೆ ತೀರ್ಮಾನ ತಿಳಿಸಬೇಕು ಎಂಬ ನಿಯಮವಿದೆ.”

“ನಾನೇ ದಡ್ಡನಾದೆ” ಎಂದು ಅವರು ಹೇಳಿದರೆ: “ಹಾಗೆ ಅಂದುಕೊಳ್ಳಬೇಡಿ ಸರ್. ಮೋಸ ಮಾಡಿದವರು ಅವರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೂ ಇಂಥ ಕರೆ ಬರುತ್ತದೆ. ಈಗ ಮನೆಯಲ್ಲಿ ಯಾರಿದ್ದಾರೆ? ಮಗಳಿಗೆ ವಿಷಯ ತಿಳಿಸಿ. ಒಬ್ಬರೇ ಕೂರಬೇಡಿ.”

ಎಟಿಎಮ್‌ನಲ್ಲಿ ಹಣ ಬರಲಿಲ್ಲ, ಖಾತೆಯಿಂದ ಕಡಿತವಾಯಿತು

“ಸುರತ್ಕಲ್‌ನ ಎಟಿಎಮ್, ನಿನ್ನೆ ಸಂಜೆ ಆರು ಗಂಟೆಗೆ, 5,000 ರೂಪಾಯಿ. ಸರಿ ತಾನೇ? ... ಹಣ ಹೊರಗೆ ಬಂದಿಲ್ಲ ಎಂದು ನಮ್ಮಲ್ಲಿಯೂ ಕಾಣುತ್ತಿದೆ.”

“ಐದು ದಿನಗಳ ಒಳಗೆ ಅದು ತಾನಾಗಿಯೇ ಖಾತೆಗೆ ಮರಳಬೇಕು. ಐದು ದಿನ ದಾಟಿದರೆ, ತಡವಾದ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು. ಅದಕ್ಕೆ ನೀವು ಬೇರೆ ಅರ್ಜಿ ಕೊಡಬೇಕಾಗಿಲ್ಲ.”

“ಬೇರೆ ಬ್ಯಾಂಕಿನ ಎಟಿಎಮ್ ಆದರೂ ದೂರು ಕೊಡಬೇಕಾದುದು ನಮಗೇ. ಅಲ್ಲಿಗೆ ಅಲೆಯಬೇಡಿ.”

ಯುಪಿಐ

“ನಿಮ್ಮ ಖಾತೆಯಿಂದ ಹಣ ಹೋಗಿದೆ, ಅವರಿಗೆ ತಲುಪಿಲ್ಲ. ನಾಳೆಯ ಒಳಗೆ ಮರಳಿ ಬರಬೇಕು. ಅಂಗಡಿಯ ಕ್ಯುಆರ್ ಕೋಡ್‌ಗೆ ಹಾಕಿದ್ದಾದರೆ ಐದು ದಿನ ಬೇಕಾಗಬಹುದು. ಅಷ್ಟರಲ್ಲಿ ಅದೇ ಮೊತ್ತವನ್ನು ಇನ್ನೊಮ್ಮೆ ಕಳಿಸಬೇಡಿ.”

ಒಂದು ಅಂಕೆ ತಪ್ಪಿ ಬೇರೆಯವರಿಗೆ ಹೋದರೆ: “ನಾವು ಇಂದೇ ಆ ಬ್ಯಾಂಕಿಗೆ ಬರೆಯುತ್ತೇವೆ. ಆದರೆ ಹಣ ಪಡೆದವರು ಒಪ್ಪದೆ ಅವರ ಖಾತೆಯಿಂದ ತೆಗೆಯಲು ಬ್ಯಾಂಕಿಗೆ ಅಧಿಕಾರವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕ್ಷಮಿಸಿ.”

“ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವರು ನಿಮ್ಮ ಹಣ ತೆಗೆಯುತ್ತಿದ್ದಾರೆ ಎಂದರ್ಥ.”

ಮನೆಯವರು ತೀರಿಕೊಂಡಾಗ

ಈ ಕರೆ ಬಂದಾಗ ಕೀಬೋರ್ಡಿನಿಂದ ಕೈ ತೆಗೆಯಿರಿ. ಬ್ರಹ್ಮಾವರದ ಒಬ್ಬ ಹೆಂಗಸು ಕಳೆದ ಬಾರಿ “ಅವರ ಪಾಸ್‌ಬುಕ್ ಇದೆ” ಎಂದವರು ಮುಂದೆ ಮಾತೇ ಆಡಲಿಲ್ಲ. ಪುಟ ಮಗುಚುವ ಸದ್ದು ಮಾತ್ರ ಕೇಳಿಸುತ್ತಿತ್ತು. ಅಂಥ ಮೌನವನ್ನು ತುಂಬಲು ಹೋಗಬೇಡಿ.

“ಕೇಳಿ ತುಂಬಾ ಬೇಸರವಾಯಿತು ಅಮ್ಮ. ನಿಧಾನವಾಗಿ ಹೇಳಿ. ಇಂದೇ ಎಲ್ಲ ಮುಗಿಯಬೇಕು ಎಂದೇನೂ ಇಲ್ಲ.”

“ಖಾತೆಯಲ್ಲಿ ನಾಮಿನಿ ಎಂದು ನಿಮ್ಮ ಹೆಸರಿದೆ. ಆದ್ದರಿಂದ ಕೋರ್ಟಿಗೆ ಹೋಗಬೇಕಾಗಿಲ್ಲ, ವಾರಸುದಾರಿಕೆಯ ಪತ್ರವೂ ಬೇಡ.”

“ಮೂರು ಕಾಗದ ಸಾಕು. ಒಂದು, ಮರಣ ಪ್ರಮಾಣಪತ್ರ. ಎರಡು, ನಿಮ್ಮ ಆಧಾರ್ ಅಥವಾ ಬೇರೆ ಗುರುತಿನ ಚೀಟಿ. ಮೂರು, ನಮ್ಮ ಅರ್ಜಿ. ಅರ್ಜಿ ಶಾಖೆಯಲ್ಲೇ ಸಿಗುತ್ತದೆ, ತುಂಬಿಸಲು ಅಲ್ಲಿಯವರು ಸಹಾಯ ಮಾಡುತ್ತಾರೆ. ಎಲ್ಲ ಕಾಗದ ಕೊಟ್ಟ ಮೇಲೆ 15 ದಿನಗಳ ಒಳಗೆ ಹಣ ನಿಮಗೆ ಸೇರಬೇಕು.”

“ಅವರ ಎಟಿಎಮ್ ಕಾರ್ಡಿನಿಂದ ಹಣ ತೆಗೆಯಬೇಡಿ ಅಮ್ಮ. ಪಿನ್ ಗೊತ್ತಿದ್ದರೂ ಬೇಡ. ಮುಂದೆ ನಿಮಗೇ ತೊಂದರೆಯಾದೀತು. ಖರ್ಚಿಗೆ ತುರ್ತು ಇದ್ದರೆ ಶಾಖೆಯ ಮ್ಯಾನೇಜರ್ ಹತ್ತಿರ ಈಗಲೇ ಮಾತನಾಡಿಸುತ್ತೇನೆ.”

ಗಲ್ಫಿನಲ್ಲಿರುವ ಮಗ

“ಮಗ ದಮ್ಮಾಮಿನಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದಿರಿ. ಹಾಗಾದರೆ ಇಲ್ಲಿರುವ ಅವರ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿಯ ಸಂಬಳ ಕಳಿಸಲು ಎನ್‌ಆರ್‌ಇ ಎಂಬ ಇನ್ನೊಂದು ಖಾತೆ ತೆರೆಯಬಹುದು.”

“ಎರಡು ಹೆಸರೂ ಕಿವಿಗೆ ಒಂದೇ ತರಹ ಕೇಳಿಸುತ್ತವೆ. ಹೀಗೆ ನೆನಪಿಡಿ: ಊರಿನ ಬಾಡಿಗೆ, ಅಡಿಕೆಯ ಹಣ ಎನ್‌ಆರ್‌ಒಗೆ. ವಿದೇಶದ ದುಡಿಮೆ ಎನ್‌ಆರ್‌ಇಗೆ.”

“ಅವರ ಖಾತೆಯ ಬಾಕಿ ನಾನು ನಿಮಗೆ ಹೇಳುವಂತಿಲ್ಲ. ನೀವು ತಂದೆಯೇ ಹೌದು, ಆದರೂ ಖಾತೆ ಅವರದು. ಅವರೇ ನಮಗೆ ಕರೆ ಮಾಡಲಿ.”

ಮಲ್ಪೆಯಿಂದ, ದೋಣಿಯ ಸಾಲದ ಕಂತು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಈ 61 ದಿನ ಆದಾಯವಿಲ್ಲ, ಕಂತಿನ ತಾರೀಕು ಮಾತ್ರ ಬರುತ್ತದೆ. ಇವರನ್ನು ಸಾಲ ಕಟ್ಟದವರ ಸಾಲಿಗೆ ಸೇರಿಸಿ ಮಾತನಾಡುವುದು ಅನ್ಯಾಯ.

“ನಿಷೇಧದ ಸಮಯ ಎಂದು ನಮಗೂ ಗೊತ್ತಿದೆ ಅಣ್ಣ. ಕಂತು ಮುಂದೂಡುವ ಅಧಿಕಾರ ನನಗಿಲ್ಲ, ಅದು ಶಾಖೆಯ ಮ್ಯಾನೇಜರ್ ಕೈಯಲ್ಲಿದೆ. ನಿಮ್ಮ ಕೋರಿಕೆಯನ್ನು ಈಗಲೇ ಬರೆದು ಕಳಿಸುತ್ತೇನೆ. ಕಂತಿನ ದಿನ ಬರುವ ಮೊದಲೇ ಅವರನ್ನು ಭೇಟಿಯಾಗಿ. ದಿನ ದಾಟಿದ ಮೇಲೆ ಹೋದರೆ ದಂಡದ ಮಾತೂ ಸೇರಿಕೊಳ್ಳುತ್ತದೆ.”

ಪಿಂಚಣಿ

“ಕೇಂದ್ರ ಸರ್ಕಾರದ ಪಿಂಚಣಿಗೆ ಜೀವಿತ ಪ್ರಮಾಣಪತ್ರವನ್ನು ನವೆಂಬರ್ ತಿಂಗಳಲ್ಲಿ ಕೊಡಬೇಕು. 80 ವರ್ಷ ದಾಟಿದವರು ಅಕ್ಟೋಬರಿನಲ್ಲೇ ಕೊಡಬಹುದು. ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಲು ಬರುತ್ತದೆ.”

“ಅಮ್ಮ ಹಾಸಿಗೆ ಹಿಡಿದಿದ್ದಾರೆ ಎಂದಿರಿ. ಅವರನ್ನು ರಿಕ್ಷಾದಲ್ಲಿ ಕೂರಿಸಿ ಕರೆತರಬೇಡಿ. 70 ವರ್ಷ ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡುವ ವ್ಯವಸ್ಥೆ ಇದೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮವರು ಬಂದರೆ ಆದೀತೇ? ಬರುವವರ ಹೆಸರನ್ನು ಹಿಂದಿನ ದಿನ ನಾವೇ ಫೋನ್ ಮಾಡಿ ಹೇಳುತ್ತೇವೆ. ಗುರುತಿನ ಚೀಟಿ ನೋಡಿಯೇ ಒಳಗೆ ಬಿಡಿ.”

ಚಿಕ್ಕ ಪ್ರಶ್ನೆಗಳು

“ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ನಾಳೆ ಮೂರನೇ ಶನಿವಾರ, ಶಾಖೆ ತೆರೆದಿರುತ್ತದೆ.”

“ಚೆಕ್ಕಿನ ಮೇಲಿರುವ ತಾರೀಕಿನಿಂದ ಮೂರು ತಿಂಗಳು ಅದು ನಡೆಯುತ್ತದೆ.”

“ಎರಡು ವರ್ಷ ನೀವಾಗಿ ಹಣ ಹಾಕದೆ, ತೆಗೆಯದೆ ಇದ್ದುದರಿಂದ ಖಾತೆ ನಿಂತಿದೆ. ಹಣ ಎಲ್ಲಿಗೂ ಹೋಗಿಲ್ಲ. ಆಧಾರ್, ಪ್ಯಾನ್ ತಂದರೆ ಮತ್ತೆ ನಡೆಸಿಕೊಡುತ್ತಾರೆ.”

“ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ.”

ಸಿಟ್ಟಿನಲ್ಲಿರುವವರಿಗೆ

“ಮೂರು ಸಲ ಕರೆ ಮಾಡಿದ್ದೀರಿ, ಮೂರು ಸಲವೂ ಮೊದಲಿನಿಂದ ಕಥೆ ಹೇಳಬೇಕಾಯಿತು. ಸಿಟ್ಟು ಬರುವುದು ಸಹಜ. ತಪ್ಪು ನಮ್ಮದು. ನಿಮ್ಮ ಹಿಂದಿನ ಮಾತುಗಳೆಲ್ಲ ಈಗ ನನ್ನ ಮುಂದಿವೆ, ಮತ್ತೆ ಹೇಳಬೇಕಾಗಿಲ್ಲ.”

“ನಾಳೆ ಸಂಜೆ ನಾಲ್ಕರ ಒಳಗೆ ನಾನೇ ಫೋನ್ ಮಾಡುತ್ತೇನೆ. ಕೆಲಸ ಆಗಿರದಿದ್ದರೂ ಆಗಿಲ್ಲ ಎಂದು ಹೇಳಲು ಮಾಡುತ್ತೇನೆ.”

“ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವ ಹಕ್ಕು ನಿಮಗಿದೆ. ಅದಕ್ಕೆ ಶುಲ್ಕವಿಲ್ಲ. ಫೋನಿನಲ್ಲಿ ವಿಚಾರಿಸಲು ಸಂಖ್ಯೆ: ಒಂದು, ನಾಲ್ಕು, ನಾಲ್ಕು, ನಾಲ್ಕು, ಎಂಟು.”

ಈ ಕೊನೆಯ ಮಾತನ್ನು ಅವರು ಕೇಳದಿದ್ದರೂ ಹೇಳಿ. ನಮ್ಮ ಮೇಲೆ ದೂರು ಕೊಡುವ ದಾರಿಯನ್ನು ನಾವೇ ತೋರಿಸಿದರೆ ಅವರ ದನಿ ತಣ್ಣಗಾಗುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ.

ಫೋನ್ ಇಡುವಾಗ

“ನಾನು ಹೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ನೋಡೋಣ ಅಮ್ಮ. ಮೊದಲು ಏನು ಮಾಡುತ್ತೀರಿ, ಒಮ್ಮೆ ಹೇಳಿ. ... ಹೌದು. ಆಮೇಲೆ? ... ಸರಿಯಾಗಿದೆ.”

“ಬೇರೆ ಏನಾದರೂ ಕೇಳುವುದಿತ್ತೇ? ... ಆಗಲಿ ಅಮ್ಮ. ನೀವು ಮೊದಲು ಫೋನ್ ಇಡಿ, ನಾನು ಆಮೇಲೆ ಇಡುತ್ತೇನೆ.”