ಜೂನ್ 11, 12ರಂದು ಒಗೆದ ಬಣ್ಣದ ಬಟ್ಟೆಗಳ ಬಗ್ಗೆ ನಮ್ಮ ಕ್ಷಮಾಪಣೆ

ಜೂನ್ 11 ಮತ್ತು 12ರಂದು ನಮ್ಮ ಲಾಂಡ್ರಿಯ ಎರಡನೇ ಮಷೀನಿನಲ್ಲಿ ಒಗೆದ ಬಣ್ಣದ ಬಟ್ಟೆಗಳು ಬ್ಲೀಚ್ ತಗುಲಿ ಹಾಳಾಗಿವೆ. ರಸೀದಿ ಸಂಖ್ಯೆ 2311ರಿಂದ 2374ರವರೆಗಿನ ಗಿರಾಕಿಗಳ ಬಟ್ಟೆಗಳು ಇವು. ತಪ್ಪು ಪೂರ್ತಿಯಾಗಿ ನಮ್ಮದೇ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇವೆ. ಡ್ರೈ ಕ್ಲೀನಿಂಗ್‌ನ ಬಟ್ಟೆಗಳಿಗೆ ಏನೂ ಆಗಿಲ್ಲ, ಅವುಗಳ ಮಷೀನ್ ಬೇರೆ.

ಬಟ್ಟೆ ಈಗಾಗಲೇ ಮನೆಗೆ ಒಯ್ದಿದ್ದರೆ ಇಸ್ತ್ರಿ ಮಾಡಬೇಡಿ, ಬಿಸಿಲಿಗೂ ಹಾಕಬೇಡಿ. ನೂಲಿನಲ್ಲಿ ಉಳಿದ ಬ್ಲೀಚ್ ಶಾಖ ತಗುಲಿದರೆ ಇನ್ನೂ ಬೇಗ ಬಟ್ಟೆಯನ್ನು ತಿನ್ನುತ್ತದೆ. ಬ್ಲೀಚ್ ವಾಸನೆ ಬರುತ್ತಿದ್ದರೆ ತಣ್ಣೀರಿನಲ್ಲಿ ನಾಲ್ಕೈದು ಸಲ ನೀರು ಬದಲಿಸಿ ಜಾಲಿಸಿ, ನೆರಳಲ್ಲಿ ಒಣಗಿಸಿ. ವಿನೆಗರ್, ನಿಂಬೆರಸ ಖಂಡಿತ ಹಾಕಬೇಡಿ. ಹುಳಿ ಸೇರಿದರೆ ಬ್ಲೀಚಿನಿಂದ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮಲ್ಲಿಗೆ ತಂದರೆ ಸೋಡಿಯಂ ಥಯೋಸಲ್ಫೇಟ್ ನೀರಿನಲ್ಲಿ ನೆನೆಸಿ ಉಳಿದ ಬ್ಲೀಚ್ ತೆಗೆದುಕೊಡುತ್ತೇವೆ. ಹೋದ ಬಣ್ಣ ಮಾತ್ರ ಅದರಿಂದ ಮರಳಿ ಬರುವುದಿಲ್ಲ.

10ರ ಸಂಜೆ, ಬ್ಲೀಚ್ ಮತ್ತು ಬಟ್ಟೆ ಮೆತ್ತಗಾಗಿಸುವ ಸಾಫ್ಟ್‌ನರ್ ಅನ್ನು ಅಳೆದು ಮಷೀನಿಗೆ ಬಿಡುವ ಡೋಸಿಂಗ್ ಪಂಪಿನಲ್ಲಿ ಸವೆದಿದ್ದ ಟ್ಯೂಬ್‌ಗಳನ್ನು ಬದಲಿಸಿದೆವು. ಆಗ ಬ್ಲೀಚಿನ ಟ್ಯೂಬ್ ಮತ್ತು ಸಾಫ್ಟ್‌ನರ್ ಟ್ಯೂಬ್ ಅದಲುಬದಲಾದವು. ಎರಡಕ್ಕೂ ಒಂದೇ ಗಾತ್ರ, ಒಂದೇ ಬಣ್ಣ. ಸಾಫ್ಟ್‌ನರ್ ಬೀಳುವುದು ಕೊನೆಯ ಜಾಲಾಟದಲ್ಲಿ. ಅದರ ಬದಲು ಬಿದ್ದ ಬ್ಲೀಚನ್ನು ತೊಳೆದು ಒಯ್ಯಲು ಮುಂದೆ ನೀರೇ ಇರಲಿಲ್ಲ, ಬಟ್ಟೆ ನೇರವಾಗಿ ಡ್ರೈಯರಿನ ಬಿಸಿಗೆ ಹೋಯಿತು. ರಿಪೇರಿ ಆದಮೇಲೆ ಪರೀಕ್ಷೆಗೆ ಹಾಕಿದ್ದು ಬಿಳಿ ಹಾಸುಬಟ್ಟೆ. ಬಿಳಿಯ ಮೇಲೆ ಬ್ಲೀಚ್ ಬಿದ್ದರೆ ಕಣ್ಣಿಗೆ ಕಾಣುವುದುಂಟೇ!

12ರ ಮಧ್ಯಾಹ್ನವೇ ಒಂದು ನೀಲಿ ಅಂಗಿ ಚುಕ್ಕೆಚುಕ್ಕೆಯಾಗಿ ಮಾಸಿದ್ದು ಕಂಡಿತ್ತು. ಬಣ್ಣ ಬಿಡುವ ಬಟ್ಟೆ ಇರಬೇಕೆಂದುಕೊಂಡು ಮಷೀನ್ ನಿಲ್ಲಿಸಲಿಲ್ಲ. ಟ್ಯೂಬ್ ಅದಲುಬದಲಾದದ್ದಕ್ಕಿಂತ ಇದು ದೊಡ್ಡ ತಪ್ಪು. ಅಲ್ಲೇ ನಿಲ್ಲಿಸಿದ್ದರೆ ಆ ಸಂಜೆಯ ಬಟ್ಟೆಗಳು ಉಳಿಯುತ್ತಿದ್ದವು.

ಈಗ ಬ್ಲೀಚಿನ ಟ್ಯೂಬ್ ಕೆಂಪು, ಸಾಫ್ಟ್‌ನರಿನದು ನೀಲಿ. ಎರಡರ ಕ್ಲಿಪ್ಪಿನ ಅಳತೆಯೂ ಬೇರೆ ಮಾಡಿಸಿದ್ದೇವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಪಂಪ್ ಮುಟ್ಟಿದಾಗಲೆಲ್ಲ ಪ್ರತಿ ಟ್ಯೂಬಿನ ದ್ರವವನ್ನು ಅಳತೆಯ ಲೋಟಕ್ಕೆ ಹಿಡಿದು ನೋಡಿ, ಕೊನೆಯ ಜಾಲಾಟದ ನೀರಿಗೆ ಕ್ಲೋರಿನ್ ಪರೀಕ್ಷೆಯ ಪಟ್ಟಿ ಅದ್ದಿದ ಮೇಲೆಯೇ ಗಿರಾಕಿಗಳ ಬಟ್ಟೆ ಹಾಕುತ್ತೇವೆ.

ಈ ರಸೀದಿಗಳ ಒಗೆತದ ಹಣ ಪೂರ್ತಿ ವಾಪಸ್. ಹಾಳಾದ ಬಟ್ಟೆಗೆ ಅಂಥದ್ದೇ ಹೊಸ ಬಟ್ಟೆಯ ಇಂದಿನ ಬೆಲೆ ಕೊಡುತ್ತೇವೆ. ಕೊಂಡ ಬಿಲ್ ಬೇಕಿಲ್ಲ, ಹಳೆಯದೆಂದು ಕಡಿತವೂ ಇಲ್ಲ. ಶಾಲಾ ಸಮವಸ್ತ್ರ ಇದ್ದವರು ಮೊದಲೇ ತಿಳಿಸಿ, ಅವರದನ್ನು ಮೊದಲು ಮುಗಿಸುತ್ತೇವೆ. ಬಣ್ಣ ಸರಿಯಿದ್ದರೂ ನೂಲು ಸೋತಿರಬಹುದು, ಅದು ಮುಂದಿನ ಒಗೆತಗಳಲ್ಲಿ ಹರಿದಾಗಲೇ ಗೊತ್ತಾಗುವುದು. ಆದ್ದರಿಂದ ಸೆಪ್ಟೆಂಬರ್ 30ರವರೆಗೂ ಪರಿಹಾರ ಕೇಳಬಹುದು. ಬರಲಾಗದವರು ರಸೀದಿಯಲ್ಲಿರುವ ನಂಬರಿಗೆ ಫೋನ್ ಮಾಡಿದರೆ ನಾವೇ ಮನೆಗೆ ಬಂದು ಬಟ್ಟೆ ನೋಡುತ್ತೇವೆ.

ಮಾಲೀಕರು ಮತ್ತು ಸಿಬ್ಬಂದಿ