ಎಕ್ಸೆಲ್ ಫಾರ್ಮುಲಾ ಕೆಲಸ ಮಾಡ್ತಿಲ್ಲ, ಗೊತ್ತಿರೋರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಮಾಟುಂಗಾದಲ್ಲಿ ನಮ್ಮೂರಿನವರದೇ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತೇನೆ. ಹಾಲು, ತೆಂಗಿನಕಾಯಿ, ತರಕಾರಿ ಕೊಡುವವರ ಲೆಕ್ಕವೂ ನನ್ನದೇ. ಮೊದಲು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದೆವು. ಈಗ ಆರು ತಿಂಗಳಿಂದ ಎಕ್ಸೆಲ್‌ನಲ್ಲಿದೆ. ಹಳೇ ಕಂಪ್ಯೂಟರ್, ಎಕ್ಸೆಲ್ 2016.

ಹೋದ ವಾರದಿಂದ ಫಾರ್ಮುಲಾ ಸರಿಯಾಗಿ ಬರುತ್ತಿಲ್ಲ. ಕೆಲವು ಕಡೆ ಸರಿ ಇದೆ, ಕೆಲವು ಕಡೆ ಸುಮ್ನೆ ಸೊನ್ನೆ ತೋರಿಸುತ್ತದೆ. ಹಾಕಿರುವುದು ಇದು:

```
=IFERROR(VLOOKUP(A2,Sheet2!A:D,3,FALSE),0)
```

ಇದನ್ನು ಮೊದಲು ಇದ್ದ ಹುಡುಗ ಹಾಕಿ ಹೋಗಿದ್ದು. ನಾನು ಕೆಳಗಿನವರೆಗೆ ಎಳೆದಿದ್ದೇನೆ, ಅಷ್ಟೇ. ತಪ್ಪು ಎಲ್ಲಿದೆ?

ನಾನು ಮಾಡಿ ನೋಡಿದ್ದನ್ನೂ ಹೇಳುತ್ತೇನೆ. IFERROR ತೆಗೆದೆ. ಸೊನ್ನೆ ಇದ್ದ ಕಡೆಯೆಲ್ಲ #N/A ಬಂತು, ಕೆಳಗಿನ ಟೋಟಲ್ಲೂ #N/A ಆಯ್ತು. ಹೆದರಿ ವಾಪಸ್ ಹಾಕಿದೆ. F9 ಒತ್ತಿದೆ, ಏನೂ ಆಗಲಿಲ್ಲ. ಪಕ್ಕದ ಅಂಗಡಿಯವರು XLOOKUP ಹಾಕಿ ಅಂದರು. ಹಾಕಿದರೆ #NAME? ಅಂತ ಬರುತ್ತದೆ. ಇನ್ನೊಂದು ವಿಷಯ, ಕೆಲವು ಚೌಕಗಳ ಎಡ ಮೂಲೆಯಲ್ಲಿ ಸಣ್ಣ ಹಸಿರು ತ್ರಿಕೋನ ಇದೆ. ಅಲ್ಲಿ ಅಂಕೆ ಎಡಕ್ಕೆ ಅಂಟಿಕೊಂಡು ನಿಂತಿರುತ್ತದೆ, ಬೇರೆ ಕಡೆ ಬಲಕ್ಕೆ. Number ಅಂತ ಬದಲಾಯಿಸಿದರೂ ಕದಲಲಿಲ್ಲ. ಅದರ ಒಳಗೆ ಹೋಗಿ ಎಂಟರ್ ಹೊಡೆದರೆ ಮಾತ್ರ ಬಲಕ್ಕೆ ಹೋಗುತ್ತದೆ. ನೂರಾರು ಇವೆ, ಒಂದೊಂದೇ ಹೊಡೆಯುತ್ತಾ ಕೂರಲು ಆಗುತ್ತಾ?

ಬೆಳಿಗ್ಗೆ ಒಬ್ಬ ಹುಡುಗ ಎಂಟ್ರಿ ಮಾಡುತ್ತಾನೆ, ರಾತ್ರಿ ಇನ್ನೊಬ್ಬ. ಬೆಳಿಗ್ಗೆಯವನು ಮರಾಠಿಯವನು, ಹೆಸರುಗಳನ್ನು ಅವನ ಬಾಯಿಗೆ ಬಂದ ಹಾಗೆ ಟೈಪ್ ಮಾಡುತ್ತಾನೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ, ಗೊತ್ತಿಲ್ಲ. ನೋಡಿದರೆ ಎಲ್ಲ ಒಂದೇ ಥರ ಕಾಣುತ್ತದೆ.

ಹತ್ತನೇ ತಾರೀಕಿಗೆ ಎಲ್ಲರಿಗೂ ದುಡ್ಡು ಕೊಡಬೇಕು. ಹಾಲಿನವರು ಇಪ್ಪತ್ತು ವರ್ಷದಿಂದ ಕೊಡುತ್ತಿದ್ದಾರೆ. ಮಳೆಗಾಲದಲ್ಲಿ ರೈಲು ನಿಂತು ಇಡೀ ಮುಂಬೈ ತಡವಾದ ದಿನವೂ ಅವರ ಕ್ಯಾನ್ ನಮ್ಮ ಬಾಗಿಲಿಗೆ ಬಂದಿದೆ. ಅಂಥವರ ಎದುರು ಸೊನ್ನೆ ಕಂಡರೆ ಮನಸ್ಸಿಗೆ ತುಂಬಾ ಕಷ್ಟ ಆಗುತ್ತದೆ. ಒಂದು ರೂಪಾಯಿ ಕಡಿಮೆ ಕೊಟ್ಟರೂ ನನಗೆ ನಿದ್ದೆ ಬರಲ್ಲ. ಜಾಸ್ತಿ ಕೊಟ್ಟರೆ ಧಣಿಗಳಿಗೆ ಉತ್ತರ ಹೇಳಬೇಕು.

ಹೊಸ ಫಾರ್ಮುಲಾ ಇದ್ದರೆ ಪೂರ್ತಿ ಬರೆದು ಕೊಡಿ, ಹಾಗೇ ಅಂಟಿಸುತ್ತೇನೆ. ಫೈಲಿನ ಬಗ್ಗೆ ಇನ್ನೇನು ಹೇಳಬೇಕೋ ಕೇಳಿ, ನೋಡಿ ಹೇಳುತ್ತೇನೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಗಿರಾಕಿ ಕಡಿಮೆ, ಆಗ ಕಂಪ್ಯೂಟರ್ ಮುಂದೆಯೇ ಇರುತ್ತೇನೆ.