ವಿಷಯ: ನಮಸ್ಕಾರ ಸರ್, ನವಿಲೆ ಕಾಲೇಜಿನ ಸವಿತಾ (2011ರ ಎಂ.ಎಸ್ಸಿ. ಬ್ಯಾಚ್)

ಪ್ರೀತಿಯ ಸರ್,

ನಮಸ್ಕಾರ. ನಾನು ಸವಿತಾ. ಹೆಸರಿನಿಂದ ನೆನಪಾಗದಿದ್ದರೆ, ಕೊಳೆ ಬಂದ ಅಡಿಕೆಯನ್ನು ಲ್ಯಾಬಿನ ಫ್ರಿಜ್ಜಿನಲ್ಲಿ ಮರೆತು ದೀಪಾವಳಿಗೆ ಊರಿಗೆ ಹೋದವಳು ಅಂದರೆ ಖಂಡಿತ ನೆನಪಾಗುತ್ತದೆ. ರಜೆ ಮುಗಿಸಿ ಬಂದಾಗ ಇಡೀ ಕಾರಿಡಾರ್ ನಾರುತ್ತಿತ್ತು. ನೀವು ಬೈಯಲಿಲ್ಲ. ಕರ್ಚೀಫು ಮೂಗಿಗೆ ಹಿಡಿದುಕೊಂಡು, 'ಸ್ಯಾಂಪಲ್ ಚೆನ್ನಾಗಿ ಬೆಳೆದಿದೆ ಬಿಡಮ್ಮ' ಅಂದಿರಿ.

ನಿಮ್ಮ ಮೇಲ್ ವಿಳಾಸ ನಮ್ಮ ಬ್ಯಾಚಿನ ಗೆಳತಿಯೊಬ್ಬಳಿಂದ ಸಿಕ್ಕಿತು. ರಿಟೈರ್ ಆಗಿ ಮೈಸೂರಿನಲ್ಲಿದ್ದೀರಿ ಅಂತಲೂ ಅವಳೇ ಹೇಳಿದಳು.

ಹದಿನಾಲ್ಕು ವರ್ಷ ಬಿಟ್ಟು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನ್ನೆ ನಡೆದದ್ದು ಹೇಳಬೇಕು.

ನಾನೀಗ ಊರಲ್ಲೇ ಇದ್ದೇನೆ ಸರ್, ಹೊಸನಗರ ತಾಲೂಕಿನ ನಗರದ ಹತ್ತಿರ. ಅಪ್ಪನ ಎರಡು ಎಕರೆ ಅಡಿಕೆ ತೋಟ ನಾನೇ ನೋಡಿಕೊಳ್ಳುತ್ತೇನೆ. ಪುನರ್ವಸು ಮಳೆ ಬಿಡದೆ ಹಿಡಿದಿತ್ತು. ನಿನ್ನೆ ಬೆಳಗ್ಗೆ ಸ್ವಲ್ಪ ಹೊಳವಾಯಿತು. ಎರಡನೇ ಔಷಧಿ ಹೊಡೆಸಿಬಿಡೋಣ ಅಂತ ಗಡಿಬಿಡಿಯಲ್ಲಿ ಹೊರಟೆವು. ಈ ಸಲ ಬಂದವನು ಹೊಸ ಹುಡುಗ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಲೆಕ್ಕವೆಲ್ಲ ಬಾಯಿಪಾಠ. ತುತ್ತದ ನೀರನ್ನೇ ಸುಣ್ಣದ ನೀರಿಗೆ ಹೊಯ್ದ, ಅದೂ ಸರಿ. 'ಬಣ್ಣ ಚೆನ್ನಾಗಿ ಬಂದಿದೆಯಲ್ಲ ಅಕ್ಕ, ಹೊಡೆಯೋಣ' ಅಂದ. ತಿಳಿನೀಲಿ, ನೋಡೋಕೆ ಚೆನ್ನಾಗಿಯೇ ಇತ್ತು.

ನಾನು ಸುಮ್ನೆ ಕತ್ತಿಯನ್ನು ಕಲ್ಲಿಗೆ ಉಜ್ಜಿ, ಡ್ರಮ್ಮಿನಲ್ಲಿ ಅದ್ದಿ ಹಿಡಿದೆ. ತೆಗೆದರೆ ಅಲಗಿನ ಮೇಲೆ ಕೆಂಪು ಪದರ, ತಾಮ್ರದ ಚೊಂಬಿನ ಬಣ್ಣ. ಸುಣ್ಣ ಹಳೆಯದಿತ್ತು, ಸತ್ತುಹೋಗಿತ್ತು. ಇನ್ನಷ್ಟು ಸುಣ್ಣದ ತಿಳಿ ಹಾಕಿಸಿ, ಕತ್ತಿ ಉಜ್ಜಿ ಮತ್ತೆ ಅದ್ದಿದೆ. ಮೂರನೇ ಸಲ ಅಲಗು ಬೆಳ್ಳಗೇ ಬಂತು. ಹುಡುಗ ಕಣ್ಣು ಬಿಟ್ಟು ನೋಡುತ್ತಿದ್ದ. 'ಇದನ್ನ ಯಾರು ಹೇಳಿಕೊಟ್ಟಿದ್ದು ಅಕ್ಕ?' ಅಂದ.

'ನಮ್ಮ ಮೇಷ್ಟ್ರು' ಅಂದೆ. ಅಂದಮೇಲೆ ಯಾಕೋ ಮಾತು ಮುಂದುವರಿಯಲಿಲ್ಲ.

ಪಿಎಚ್ ಪೇಪರ್ ಕೇಳಿಕೊಂಡು ನಿಮ್ಮ ರೂಮಿಗೆ ಬಂದ ದಿನ ನೆನಪಿದೆ. 'ರೈತನ ಹತ್ತಿರ ಪೇಪರ್ ಇರುತ್ತೇನಮ್ಮ, ಕತ್ತಿ ಇರುತ್ತೆ' ಅಂತ ತೋಟದ ಕೆಲಸದವರ ಕತ್ತಿ ತರಿಸಿ ನನ್ನ ಕೈಗೇ ಕೊಟ್ಟಿದ್ದಿರಿ.

ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ. ಪಿಎಚ್.ಡಿ.ಗೆ ನೀವು ಶಿಫಾರಸು ಪತ್ರ ಬರೆದುಕೊಟ್ಟಿರಿ. ಸೀಟೂ ಸಿಕ್ಕಿತ್ತು. ನಾನು ಸೇರಲಿಲ್ಲ. ಆ ಜುಲೈನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು, ತೋಟ ನೋಡುವವರು ಯಾರೂ ಇರಲಿಲ್ಲ. ಅದು ತಪ್ಪಲ್ಲ, ಗೊತ್ತು. ನಿಮಗೆ ಹೇಳದೇ ಇದ್ದದ್ದು ತಪ್ಪು. ನೀವು ಎರಡು ಸಲ ಫೋನ್ ಮಾಡಿದಿರಿ. ಎರಡು ಸಲವೂ ಹೆಸರು ನೋಡಿಕೊಂಡು ಕೂತಿದ್ದೆ, ಎತ್ತಲಿಲ್ಲ. ಆಮೇಲೆ ದಿನ ಹೋದಷ್ಟೂ ಮುಖ ತೋರಿಸುವುದು ಕಷ್ಟವಾಯಿತು. ಕ್ಷಮಿಸಿ ಸರ್.

ಅಪ್ಪ ಆಮೇಲೆ ಒಂಬತ್ತು ವರ್ಷ ಇದ್ದರು. ಕೋಲು ಹಿಡಿದುಕೊಂಡು ತೋಟದ ಬದುವಿನವರೆಗೆ ಬರುತ್ತಿದ್ದರು. ನನಗೆ ಮದುವೆಯಾಗಿದೆ, ಮಗಳು ಐದನೇ ಕ್ಲಾಸು. ಓದಿದ್ದು ವೇಸ್ಟ್ ಆಯ್ತಲ್ಲ ಅಂತ ನೆಂಟರು ಈಗಲೂ ಅನ್ನುತ್ತಾರೆ. ಮಳೆಗಾಲದಲ್ಲಿ ಮಾತ್ರ ಅವರೇ ಕೊಳೆತ ಕಾಯಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ! ಈಗ ಎಲೆಚುಕ್ಕಿ ಜಾಸ್ತಿಯಾಗಿದೆ, ನಮ್ಮ ಮೇಲಿನ ತೋಟಕ್ಕೂ ಬಂದಿದೆ. ಅದರ ಮದ್ದು ಕೇಳೋಕೆ ಬರೆದದ್ದಲ್ಲ ಸರ್, ಹಾಗಂದುಕೊಳ್ಳಬೇಡಿ. ಏನೂ ಕೇಳೋದಿಲ್ಲ. ನೀವು ಹೇಗಿದ್ದೀರಿ, ಮೇಡಂ ಹೇಗಿದ್ದಾರೆ, ಅಷ್ಟು ತಿಳಿದರೆ ಸಾಕು. ಫೀಲ್ಡಿನಿಂದ ತಡವಾಗಿ ಬಂದ ದಿನಗಳಲ್ಲಿ ಮೇಡಂ ಹಾಕಿಕೊಡುತ್ತಿದ್ದ ಬಿಸಿ ಉಪ್ಪಿಟ್ಟನ್ನು ನಮ್ಮ ಬ್ಯಾಚಿನಲ್ಲಿ ಯಾರೂ ಮರೆತಿಲ್ಲ.

ಉತ್ತರಕ್ಕೆ ಅವಸರವಿಲ್ಲ. ಟೈಪ್ ಮಾಡುವುದು ಕಿರಿಕಿರಿ ಅನಿಸಿದರೆ ಒಂದೇ ಸಾಲು ಸಾಕು. ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದೇವೆ. ನಿಮಗೆ ತೊಂದರೆ ಇಲ್ಲ ಅಂದರೆ ಅರ್ಧ ಗಂಟೆ ಬಂದು ಮಾತಾಡಿಸಿಕೊಂಡು ಹೋಗುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಸವಿತಾ

ಮರೆತಿದ್ದೆ: ಕೊಳೆರೋಗದ ಬಗ್ಗೆ ಕೋಲ್ಮನ್ 1910ರಲ್ಲಿ ಬರೆದದ್ದರ ಜೆರಾಕ್ಸ್ ಓದೋಕೆ ಕೊಟ್ಟಿದ್ದಿರಿ, ವಾಪಸ್ ಕೊಟ್ಟೇ ಇಲ್ಲ. ಒಂದು ಮೂಲೆ ಗೆದ್ದಲು ತಿಂದಿದೆ, ಉಳಿದದ್ದು ಚೆನ್ನಾಗಿದೆ. ಬರುವಾಗ ತರುತ್ತೇನೆ.